ಕೂದಲೆಳೆ ಅಂತರದ ಬೆಲೆ: ಸಂಗ್ರಹದ ಕಾರ್ಡಿಗೆ ದರ್ಜೆ ಕಟ್ಟುವ ಬಗೆ

2022ರ ಮಾರ್ಚ್‌ನಲ್ಲಿ ಅಮೆರಿಕದ ಹೆರಿಟೇಜ್ ಹರಾಜು ಸಂಸ್ಥೆಯಲ್ಲಿ ಒಂದು ಪೋಕೆಮಾನ್ ಕಾರ್ಡು 4,20,000 ಡಾಲರಿಗೆ ಮಾರಾಟವಾಯಿತು. ವಿಜರ್ಡ್ಸ್ ಆಫ್ ದ ಕೋಸ್ಟ್ ಕಂಪನಿ 1999ರಲ್ಲಿ ಇಂಗ್ಲಿಷಿನಲ್ಲಿ ಹೊರತಂದ ಮೊದಲ ಕಂತಿನ, ಅಂದರೆ ಬೇಸ್ ಸೆಟ್‌ನ, ಚಾರಿಜಾರ್ಡ್ ಅದು. ಮೊದಲ ಆವೃತ್ತಿಯ ಮುದ್ರೆ ಅದರ ಮೇಲಿತ್ತು. ಅದೇ ವರ್ಷ ಅದೇ ಮುದ್ರಣಾಲಯದಿಂದ ಬಂದು, ಅದೇ ಮುದ್ರೆ ಹೊತ್ತ, ಆದರೆ ಮಕ್ಕಳ ಚಡ್ಡಿ ಜೇಬಿನಲ್ಲಿ ಓಡಾಡಿದ ಇನ್ನೊಂದು ಚಾರಿಜಾರ್ಡಿಗೆ ಅದರ ನೂರರಲ್ಲಿ ಒಂದೆರಡು ಪಾಲು ಸಿಕ್ಕರೆ ಹೆಚ್ಚು. ಚಿತ್ರ ಒಂದೇ, ಕಾಗದ ಒಂದೇ. ಹರಾಜಾದ ಕಾರ್ಡಿನ ಪ್ಲಾಸ್ಟಿಕ್ ಪೆಟ್ಟಿಗೆಯ ಮೇಲೆ ಮಾತ್ರ 10 ಎಂಬ ಅಂಕೆ ಇತ್ತು.

ಆ ಅಂಕೆಯನ್ನು ಕೊಟ್ಟದ್ದು ಪಿಎಸ್ಎ ಎಂಬ ಸಂಸ್ಥೆ. 1991ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬೇಸ್‌ಬಾಲ್ ಕಾರ್ಡುಗಳಿಗಾಗಿ ಶುರುವಾದದ್ದು ಇದು. ಇದೇ ಕೆಲಸ ಮಾಡುವ ಇನ್ನೊಂದು ಹೆಸರಾಂತ ಸಂಸ್ಥೆ ಟೆಕ್ಸಾಸ್‌ನ ಬೆಕೆಟ್, ಅದು ದರ್ಜೆ ಕೊಡಲು ಶುರುಮಾಡಿದ್ದು 1999ರಲ್ಲಿ. ನೀವು ಕಾರ್ಡು ಕಳಿಸುತ್ತೀರಿ, ಅವರು ಅಸಲಿಯೋ ನಕಲಿಯೋ ಎಂದು ನೋಡಿ, ಸ್ಥಿತಿಗೆ 1ರಿಂದ 10ರೊಳಗೆ ಅಂಕ ಕೊಟ್ಟು, ಬಿಚ್ಚಿದರೆ ಗುರುತು ಸಿಗುವಂಥ ಗಟ್ಟಿ ಪೆಟ್ಟಿಗೆಯಲ್ಲಿ ಬೆಸೆದು ವಾಪಸು ಕಳಿಸುತ್ತಾರೆ. ಈ ಪೆಟ್ಟಿಗೆಗೆ ಸಂಗ್ರಾಹಕರು ಸ್ಲ್ಯಾಬ್ ಅನ್ನುತ್ತಾರೆ. ಪೆಟ್ಟಿಗೆ ಕಾಣದ ಕಾರ್ಡು ರಾ ಕಾರ್ಡು.

ಅಮೆರಿಕದಲ್ಲಿ ಓದಿ, ಕೆಲಸ ಮಾಡಿ ಬೆಂಗಳೂರಿಗೆ ಮರಳಿದ ಎಷ್ಟೋ ಕುಟುಂಬಗಳ ಅಟ್ಟದ ಮೇಲೆ ಮಕ್ಕಳ ಹಳೆಯ ಪೋಕೆಮಾನ್ ಆಲ್ಬಮ್ಮುಗಳಿವೆ. ಹರಾಜಿನ ಸುದ್ದಿ ಓದಿದ ಮೇಲೆ ಅವನ್ನು ಇಳಿಸಿ ನೋಡುವವರೂ ಇದ್ದಾರೆ. ಅಂಥ ಆಲ್ಬಮ್ಮಿನಲ್ಲಿ ಚಾರಿಜಾರ್ಡ್ ಸಿಕ್ಕಿತು ಎಂದುಕೊಳ್ಳಿ. ಕೆಳಮೂಲೆಯಲ್ಲಿ 4/102 ಎಂದಿದೆ, ಚಿತ್ರದ ಚೌಕ ಹೊಳೆಯುತ್ತದೆ. ಮೊದಲ ಆವೃತ್ತಿಯ ಮುದ್ರೆ ಇಲ್ಲ, ಚಿತ್ರದ ಚೌಕದ ಬಲಕ್ಕೆ ನೆರಳಿನ ಗೆರೆ ಇದೆ. ಹಾಗಾದರೆ ಅದು ಅನ್‌ಲಿಮಿಟೆಡ್ ಎಂದು ಕರೆಯುವ, ಹೆಚ್ಚು ಸಂಖ್ಯೆಯಲ್ಲಿ ಅಚ್ಚಾದ ಮುದ್ರಣ. ನಾಲ್ಕು ಲಕ್ಷ ಡಾಲರಿನ ಮಾತು ಅಲ್ಲಿಗೇ ಮುಗಿಯಿತು. ಆದರೂ ಇದು ಬೆಲೆಯುಳ್ಳ ಕಾರ್ಡೇ. ಬೆಲೆ ಎಷ್ಟು ಎನ್ನುವುದು ನಾಲ್ಕು ಕಡೆ ಕಣ್ಣು ಹಾಯಿಸಿದ ಮೇಲೆ ತಿಳಿಯುವ ಸಂಗತಿ: ಚಿತ್ರ ನಡುವೆ ಕೂತಿದೆಯೇ, ಮೂಲೆ ಹೇಗಿದೆ, ಅಂಚು ಹೇಗಿದೆ, ಮೇಲ್ಮೈ ಹೇಗಿದೆ.

ಈ ನಾಲ್ಕಕ್ಕೂ ಬೇರೆ ಬೇರೆ ಅಂಕ ಕೊಟ್ಟು ಸರಾಸರಿ ತೆಗೆಯುತ್ತಾರೆ ಎಂದು ಹೊಸಬರು ನಂಬಿರುತ್ತಾರೆ. ಅವರ ಲೆಕ್ಕ ತಪ್ಪುವುದು ಇಲ್ಲಿಯೇ. ಎಸ್ಸೆಸ್ಸೆಲ್ಸಿಯಲ್ಲಿ ಐದು ವಿಷಯಕ್ಕೆ ತೊಂಬತ್ತರ ಮೇಲೆ ತೆಗೆದು ಗಣಿತದಲ್ಲಿ ಫೇಲಾದ ಹುಡುಗನಿಗೆ ಒಟ್ಟು ಅಂಕ ಕೈಹಿಡಿಯುವುದಿಲ್ಲ. ಕಾರ್ಡಿನ ಕಥೆಯೂ ಬಹುಪಾಲು ಹಾಗೆಯೇ. ಮೂರು ಕಡೆ ನಿರ್ದೋಷವಾಗಿದ್ದು ನಾಲ್ಕನೆಯದು ಸೋತರೆ, ಆ ನಾಲ್ಕನೆಯದೇ ದರ್ಜೆಯ ಮಿತಿಯನ್ನು ಗೊತ್ತುಮಾಡುತ್ತದೆ. ಬೆಕೆಟ್ ತನ್ನ ಚೀಟಿಯ ಮೇಲೆ ನಾಲ್ಕೂ ಅಂಕಗಳನ್ನು ಬಿಡಿಬಿಡಿಯಾಗಿ ಅಚ್ಚು ಹಾಕುತ್ತದೆ. ಅಲ್ಲಿಯೂ ಒಟ್ಟು ದರ್ಜೆ ಸಾಮಾನ್ಯವಾಗಿ ಅತಿ ಕಡಿಮೆ ಅಂಕಕ್ಕಿಂತ ಅರ್ಧ ಮೆಟ್ಟಿಲು, ತಪ್ಪಿದರೆ ಒಂದು ಮೆಟ್ಟಿಲಷ್ಟೇ ಮೇಲೇರುತ್ತದೆ. ಪಿಎಸ್ಎ ಒಂದೇ ಅಂಕ ಕೊಡುತ್ತದೆ, ಯಾವುದರಿಂದ ಸೋತಿತು ಎಂದು ಸಾಮಾನ್ಯವಾಗಿ ಹೇಳುವುದಿಲ್ಲ. ಆದ್ದರಿಂದ ಕಳಿಸುವ ಮೊದಲು ಅತಿ ದುರ್ಬಲವಾದದ್ದು ಯಾವುದು ಎಂದು ನೀವೇ ಹುಡುಕಬೇಕು.

ಅಳೆದು ನೋಡಬಹುದಾದ ಒಂದೇ ಗುಣ

ನಾಲ್ಕರಲ್ಲಿ ಸೆಂಟರಿಂಗ್ ಒಂದನ್ನು ಮಾತ್ರ ಅಳೆದು ತೀರ್ಮಾನಿಸಬಹುದು. ಉಳಿದ ಮೂರರಲ್ಲಿ ನೋಡುವವರ ಕಣ್ಣು, ಅನುಭವ, ಆ ದಿನದ ಮನಸ್ಥಿತಿ ಎಲ್ಲವೂ ಸೇರುತ್ತವೆ. ಅದಕ್ಕಾಗಿ ಮೊದಲು ಇದನ್ನೇ ನೋಡಿ. ಇಲ್ಲಿ ಸೋತ ಕಾರ್ಡಿನ ಮೂಲೆ, ಅಂಚುಗಳನ್ನು ಗಂಟೆಗಟ್ಟಲೆ ಪರೀಕ್ಷಿಸುವ ಶ್ರಮ ಉಳಿಯುತ್ತದೆ.

ಕಾರ್ಡುಗಳನ್ನು ದೊಡ್ಡ ಹಾಳೆಯ ಮೇಲೆ ಸಾಲುಸಾಲಾಗಿ ಅಚ್ಚು ಹಾಕಿ ಆಮೇಲೆ ಯಂತ್ರದಲ್ಲಿ ಕತ್ತರಿಸುತ್ತಾರೆ. ಹಾಳೆ ಒಂದಿಷ್ಟು ಸರಿದರೆ ಚಿತ್ರ ಒಂದು ಬದಿಗೆ ವಾಲುತ್ತದೆ, ಸುತ್ತಲಿನ ಹಳದಿ ಪಟ್ಟಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಆಗುತ್ತದೆ. ಆ ಎರಡು ಪಟ್ಟಿಗಳ ಅನುಪಾತವೇ ಸೆಂಟರಿಂಗ್. ಎರಡೂ ಸಮವಾಗಿದ್ದರೆ 50/50. ಕಾರ್ಖಾನೆಯಲ್ಲೇ ಆಗುವ ದೋಷ ಇದಾದ್ದರಿಂದ, ಪೊಟ್ಟಣ ಒಡೆದ ಕ್ಷಣದಿಂದ ಕೈಗವಸು ಹಾಕಿ ಜೋಪಾನ ಮಾಡಿದರೂ ಇದನ್ನು ಸರಿಮಾಡಲಾಗದು.

ನಮ್ಮ ಚಾರಿಜಾರ್ಡಿನ ಹಳದಿ ಪಟ್ಟಿ ಎಡಕ್ಕೆ 3.4 ಮಿಲಿಮೀಟರ್, ಬಲಕ್ಕೆ 2.6 ಮಿಲಿಮೀಟರ್ ಇದೆ ಎನ್ನೋಣ. ಒಟ್ಟು 6. ಎಡದ್ದನ್ನು ಒಟ್ಟಿನಿಂದ ಭಾಗಿಸಿದರೆ 56.7, ಅಂದರೆ ಸುಮಾರು 57/43. ಮೇಲೆ 3.1, ಕೆಳಗೆ 2.9 ಇದ್ದರೆ ಅದು 52/48. ಲೆಕ್ಕಕ್ಕೆ ಬರುವುದು ಈ ಎರಡರಲ್ಲಿ ಕೆಟ್ಟದ್ದು. ಆದ್ದರಿಂದ ಈ ಕಾರ್ಡಿನ ಸೆಂಟರಿಂಗ್ 57/43. ಪಿಎಸ್ಎ 10ನೇ ದರ್ಜೆಗೆ ಮುಂಬದಿಯಲ್ಲಿ ಸುಮಾರು 55/45ರೊಳಗೆ ಇರಬೇಕು ಅನ್ನುತ್ತದೆ. ಮೊದಲು 60/40ರವರೆಗೂ ಸಡಿಲ ಬಿಡುತ್ತಿದ್ದರು, 2025ರಲ್ಲಿ ಬಿಗಿ ಮಾಡಿದರು. 9ಕ್ಕೆ 60/40, 8ಕ್ಕೆ 65/35, 7ಕ್ಕೆ 70/30. ಹಿಂಬದಿಗೆ ಅಷ್ಟು ಕಟ್ಟುನಿಟ್ಟಿಲ್ಲ: 10ಕ್ಕೆ 75/25 ಸಾಕು, 9ಕ್ಕೆ 90/10 ಇದ್ದರೂ ನಡೆಯುತ್ತದೆ. ಹಾಗಾಗಿ ನಮ್ಮ ಕಾರ್ಡು ಇನ್ನೇನೂ ದೋಷವಿಲ್ಲದಿದ್ದರೂ 10ರ ಪಂದ್ಯದಿಂದ ಹೊರಬಿತ್ತು, 9ರ ಆಸೆ ಉಳಿಯಿತು.

ಇಲ್ಲಿ ನಿಜವಾದ ಅಂತರ ಎಷ್ಟು ನೋಡಿ. 6 ಮಿಲಿಮೀಟರ್ ಒಟ್ಟಿನಲ್ಲಿ 55/45 ಎಂದರೆ 3.3 ಮತ್ತು 2.7. 60/40 ಎಂದರೆ 3.6 ಮತ್ತು 2.4. ಅಂದರೆ 10ರ ಗಡಿಗೂ 9ರ ಗಡಿಗೂ ನಡುವೆ ಚಿತ್ರ ಸರಿದಿರುವುದು 0.3 ಮಿಲಿಮೀಟರ್ ಮಾತ್ರ. ಪಟ್ಟಿ ಇನ್ನೂ ಕಿರಿದಾಗಿರುವ ಕಾರ್ಡುಗಳಲ್ಲಿ ಇದು ಮತ್ತಷ್ಟು ನಿರ್ದಯ. ಎರಡೂ ಪಟ್ಟಿ ಸೇರಿ 4 ಮಿಲಿಮೀಟರ್ ಇರುವ ಕಾರ್ಡಿನಲ್ಲಿ ಚಿತ್ರ 0.3 ಮಿಲಿಮೀಟರ್ ಸರಿದರೆ ಅನುಪಾತ 57.5ಕ್ಕೆ ಏರುತ್ತದೆ, 6 ಮಿಲಿಮೀಟರ್ ಇರುವಲ್ಲಿ ಅಷ್ಟೇ ಸರಿದರೂ 55ರಲ್ಲೇ ನಿಲ್ಲುತ್ತದೆ.

ಶಾಲೆಯ ಸ್ಕೇಲಿನಿಂದ 0.3 ಮಿಲಿಮೀಟರ್ ಹಿಡಿಯಲಾಗದು. ಲೋಹದ ವರ್ನಿಯರ್ ಬಳಸಿದರೆ ಅದರ ತುದಿಯೇ ಅಂಚಿಗೆ ಗೀರು ಹಾಕೀತು. ಮನೆಯಲ್ಲಿ ಸ್ಕ್ಯಾನರ್ ಇದ್ದರೆ ಅದೇ ಉತ್ತಮ. ಕಾರ್ಡನ್ನು 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ, ಚಿತ್ರ ತಿದ್ದುವ ಯಾವುದಾದರೂ ತಂತ್ರಾಂಶದಲ್ಲಿ ಪಟ್ಟಿಗಳ ಪಿಕ್ಸೆಲ್ ಎಣಿಸಿ. ಆ ಗಾತ್ರದಲ್ಲಿ ಒಂದು ಮಿಲಿಮೀಟರಿಗೆ ಸುಮಾರು 24 ಪಿಕ್ಸೆಲ್ ಬರುತ್ತವೆ. ನಮ್ಮ ಕಾರ್ಡಿನ ಎಡ ಪಟ್ಟಿ 80 ಪಿಕ್ಸೆಲ್, ಬಲ ಪಟ್ಟಿ 61 ಪಿಕ್ಸೆಲ್ ತೋರಿಸುತ್ತದೆ. ಮೊಬೈಲ್ ಫೋಟೋವನ್ನು ನಂಬಬೇಡಿ. ಫೋನ್ ಕೊಂಚ ಓರೆಯಾದರೂ ಹತ್ತಿರದ ಪಟ್ಟಿ ದಪ್ಪಗೆ, ದೂರದ್ದು ತೆಳ್ಳಗೆ ಕಾಣುತ್ತದೆ. ಇನ್ನೊಂದು ಮಾತು, ಪ್ರತಿ ಪಟ್ಟಿಯನ್ನೂ ಎರಡೂ ತುದಿಯಲ್ಲಿ ಅಳೆಯಿರಿ. ಕೆಲವು ಕಾರ್ಡುಗಳಲ್ಲಿ ಹಾಳೆ ಸರಿಯುವ ಬದಲು ತಿರುಗಿರುತ್ತದೆ. ಆಗ ಎಡ ಪಟ್ಟಿ ಮೇಲ್ತುದಿಯಲ್ಲಿ ದಪ್ಪ, ಕೆಳತುದಿಯಲ್ಲಿ ತೆಳು. ನಡುವೆ ಒಂದೇ ಕಡೆ ಅಳೆದವರಿಗೆ ಅದು 50/50 ಎಂದೇ ತೋರುತ್ತದೆ.

ಮೂಲೆ ನೋಡುವುದು ಹಿಂದಿನಿಂದ

ಪೋಕೆಮಾನ್ ಕಾರ್ಡಿನ ಮುಂಬದಿ ಹಳದಿ, ಹಿಂಬದಿ ಕಡು ನೀಲಿ. ಕಾಗದದ ಒಳಪದರ ಬಿಳಿ. ಸವೆತ ಎಂದರೆ ಮೇಲಿನ ಬಣ್ಣ ಹೋಗಿ ಈ ಬಿಳಿ ಕಾಣಿಸುವುದು. ಹಳದಿಯ ಮೇಲೆ ಬಿಳಿ ಅಡಗಿಕೊಳ್ಳುತ್ತದೆ, ನೀಲಿಯ ಮೇಲೆ ಎದ್ದು ಕಾಣುತ್ತದೆ. ಮಾರುವವರು ಮುಂಬದಿಯ ಚಂದದ ಫೋಟೋ ಹಾಕಿ ಸುಮ್ಮನಾಗುವುದಕ್ಕೆ ಇದೂ ಒಂದು ಕಾರಣ.

ಅಕ್ಕಸಾಲಿಗರು ಕಣ್ಣಿಗೆ ಸಿಕ್ಕಿಸಿಕೊಳ್ಳುವ 10 ಪಟ್ಟಿನ ಮಸೂರವೇ ಇಲ್ಲಿಗೂ ಸಾಕು. ಕಾರ್ಡನ್ನು ಕಪ್ಪು ಬಟ್ಟೆಯ ಮೇಲೆ ಬೆನ್ನು ಮೇಲೆ ಮಾಡಿ ಇಟ್ಟು ನಾಲ್ಕು ಮೂಲೆಗಳನ್ನೂ ಒಂದೊಂದಾಗಿ ನೋಡಿ. ಚೂಪು ತುದಿಯಲ್ಲಿ ಸೂಜಿಮೊನೆಯಷ್ಟು ಬಿಳಿ ಚುಕ್ಕೆ ಕಂಡರೆ ಅದು ಸವೆತದ ಮೊದಲ ಹಂತ. ಬರಿಗಣ್ಣಿಗೂ ಕಾಣುವ ಇಂಥ ಒಂದು ಚುಕ್ಕೆ ಸಾಮಾನ್ಯವಾಗಿ 10ನ್ನು ಕಸಿಯುತ್ತದೆ, 9ನ್ನು ಉಳಿಸುತ್ತದೆ. ಎರಡು ಮೂರು ಮೂಲೆಗಳಲ್ಲಿ ಕಂಡರೆ 8ರ ಮಾತಾಡಬೇಕು. ಕಾಗದ ನಾರುನಾರಾಗಿ ಎದ್ದಿದ್ದರೆ, ತುದಿ ದುಂಡಗಾಗಿದ್ದರೆ ಇನ್ನೂ ಕೆಳಗೆ. ಕೆಳಗೆ ಬಿದ್ದ ಏಟಿಗೆ ಮೂಲೆ ಒಳಕ್ಕೆ ಮಡಚಿದ್ದರೆ ಬಣ್ಣ ಹೋಗದೆಯೂ ಆಕಾರ ಕೆಟ್ಟಿರುತ್ತದೆ. ಅದು ಎದುರಿನಿಂದ ಕಾಣದು. ಕಾರ್ಡನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಅದರ ದಪ್ಪವನ್ನು ಪಕ್ಕದಿಂದ ನೋಡಿದರೆ ಪದರಗಳು ಬಿಟ್ಟುಕೊಂಡಿರುವುದು ಗೊತ್ತಾಗುತ್ತದೆ.

ಅಂಚಿನ ಕತೆ

ಅಂಚಿಗೂ ಅದೇ ಬಿಳಿಯ ಪರೀಕ್ಷೆ. ಆಟ ಆಡುವಾಗ ಕಾರ್ಡುಗಳನ್ನು ಕಲಸುತ್ತಾರೆ, ಮೇಜಿನ ಮೇಲೆ ಕುಟ್ಟಿ ಸಮ ಮಾಡುತ್ತಾರೆ, ರಬ್ಬರ್ ಬ್ಯಾಂಡ್ ಹಾಕುತ್ತಾರೆ. ಹೀಗೆ ಆದ ಸವೆತ ಬೆರಳು, ಬ್ಯಾಂಡು ತಾಗಿದ ಜಾಗದಲ್ಲಿ ಗುಂಪಾಗಿ, ಹೆಚ್ಚುಕಡಿಮೆಯಾಗಿ ಇರುತ್ತದೆ. ಕತ್ತರಿಸುವ ಅಲಗು ಮೊಂಡಾಗಿದ್ದಾಗ ಆಗುವ ಒರಟುತನ ಇಡೀ ಅಂಚಿನ ಉದ್ದಕ್ಕೂ ಒಂದೇ ಸಮನಾಗಿ ಹರಡಿರುತ್ತದೆ. ಎರಡನೆಯದನ್ನು ದರ್ಜೆ ಕೊಡುವವರು ತುಸು ಕ್ಷಮಿಸುವುದುಂಟು, ಮೊದಲನೆಯದನ್ನು ಕ್ಷಮಿಸುವುದಿಲ್ಲ. ಬೇಸ್ ಸೆಟ್‌ನ ಹೊಳೆಯುವ ಕಾರ್ಡುಗಳಲ್ಲಿ ಇನ್ನೊಂದು ವಿಶೇಷವಿದೆ. ಮುಂಬದಿಯ ಹಳದಿ ಅಂಚು ಸವೆದರೆ ಬಿಳಿಯ ಬದಲು ಬೆಳ್ಳಿಯ ಎಳೆ ಇಣುಕುತ್ತದೆ, ಏಕೆಂದರೆ ಬಣ್ಣದ ಕೆಳಗೆ ಹೊಳಪಿನ ಹಾಳೆಯಿದೆ. ಸಂಗ್ರಾಹಕರು ಇದನ್ನು ಸಿಲ್ವರಿಂಗ್ ಅನ್ನುತ್ತಾರೆ. ನೀಲಿ ಬೆನ್ನು ಶುಚಿಯಾಗಿದ್ದು ಮುಂಬದಿಯಲ್ಲಿ ಇದು ಕಂಡರೂ ಮೇಲಿನ ದರ್ಜೆ ತಪ್ಪುತ್ತದೆ.

ಸವೆದ ಅಂಚನ್ನು ಕತ್ತರಿಸಿ ಹೊಸದು ಮಾಡುವ ದುರಾಸೆ ಈ ಹವ್ಯಾಸದಷ್ಟೇ ಹಳೆಯದು. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ಸಿಗರೇಟಿನ ಜೊತೆ ಕೊಟ್ಟ ಬೇಸ್‌ಬಾಲ್ ಕಾರ್ಡುಗಳಲ್ಲಿ ಹೋನಸ್ ವ್ಯಾಗ್ನರ್ ಎಂಬ ಆಟಗಾರನದು ಅತಿ ಅಪರೂಪ. ಅದರಲ್ಲಿ ಅತಿ ಪ್ರಸಿದ್ಧವಾದ ಪ್ರತಿಯೇ 1991ರಲ್ಲಿ ಪಿಎಸ್ಎ ದರ್ಜೆ ಕೊಟ್ಟ ಮೊಟ್ಟಮೊದಲ ಕಾರ್ಡು. ಅದಕ್ಕೆ 8 ಸಿಕ್ಕಿತು. 2007ರಲ್ಲಿ ಅದು 28 ಲಕ್ಷ ಡಾಲರಿಗೆ ಕೈ ಬದಲಾಯಿಸಿತು. 2013ರಲ್ಲಿ, ಆ ಕಾರ್ಡನ್ನು ಒಂದು ಕಾಲದಲ್ಲಿ ಮಾರಿದ್ದ ಹರಾಜುದಾರ ಬಿಲ್ ಮಾಸ್ಟ್ರೊ ಬೇರೆ ವಂಚನೆ ಪ್ರಕರಣದ ಜೊತೆಗೆ ಇದರ ಪಕ್ಕದ ಅಂಚುಗಳನ್ನು ತಾನೇ ಕತ್ತರಿಸಿದ್ದಾಗಿ ನ್ಯಾಯಾಲಯದಲ್ಲಿ ಒಪ್ಪಿಕೊಂಡ. ದರ್ಜೆ ಕೊಡುವ ಸಂಸ್ಥೆಯ ಮೊದಲ ಕಾರ್ಡೇ ಕತ್ತರಿಸಿದ್ದು ಎಂಬುದನ್ನು ಸ್ಲ್ಯಾಬ್ ಪೂಜೆ ಮಾಡುವವರು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಕತ್ತರಿಸಿದ್ದನ್ನು ಮನೆಯಲ್ಲಿ ಪತ್ತೆ ಮಾಡುವುದು ಕಷ್ಟವೇನಲ್ಲ. ಪೋಕೆಮಾನ್ ಕಾರ್ಡು 63 ಮಿಲಿಮೀಟರ್ ಅಗಲ, 88 ಮಿಲಿಮೀಟರ್ ಎತ್ತರ. ಅದೇ ಸೆಟ್‌ನ ಅಗ್ಗದ ನಾಲ್ಕು ಕಾರ್ಡುಗಳನ್ನು ತೆಗೆದುಕೊಂಡು, ನಡುವೆ ಅನುಮಾನದ ಕಾರ್ಡು ಇಟ್ಟು, ಕೆಳಗೆ ಒಂದು ಬದಿ ಸಮ ಮಾಡಿ ಮೇಲಿನಿಂದ ಬೆರಳಾಡಿಸಿ. ಗಿಡ್ಡನೆಯದು ಕೈಗೇ ತಿಳಿಯುತ್ತದೆ. ಒಂದು ಅಂಚು ಮಾತ್ರ ಉಳಿದ ಮೂರಕ್ಕಿಂತ ಹೊಚ್ಚಹೊಸದಾಗಿ ಕಂಡರೂ ಸಂಶಯ ಪಡಬೇಕು. ಇಂಥ ಕಾರ್ಡಿಗೆ ಸಂಸ್ಥೆಗಳು ಅಂಕವನ್ನೇ ಕೊಡುವುದಿಲ್ಲ. ಸವೆದ ಅಂಚಿಗೆ ಮಾರ್ಕರ್ ಪೆನ್ನಿನಿಂದ ನೀಲಿ ಬಳಿದದ್ದಕ್ಕೂ ಅದೇ ಗತಿ.

ದೀಪ ವಾಲಿಸಿ ನೋಡುವ ಮೇಲ್ಮೈ

ಚಾರಿಜಾರ್ಡಿನಂಥ ಹೊಳಪಿನ ಕಾರ್ಡು ಹೆಚ್ಚಾಗಿ ಸೋಲುವುದು ಮೇಲ್ಮೈಯಲ್ಲಿ. ಟ್ಯೂಬ್‌ಲೈಟಿನ ಕೆಳಗೆ ನೇರ ಹಿಡಿದು ನೋಡಿದರೆ ಏನೂ ಕಾಣುವುದಿಲ್ಲ. ಕೋಣೆಯ ದೀಪಗಳನ್ನೆಲ್ಲ ಆರಿಸಿ ಒಂದೇ ಒಂದು ಟೇಬಲ್ ಲ್ಯಾಂಪ್ ಉಳಿಸಿಕೊಳ್ಳಿ. ಕಾರ್ಡನ್ನು ಪ್ಲಾಸ್ಟಿಕ್ ಹೊದಿಕೆಯಿಂದ ಹೊರಗೆ ತೆಗೆಯಿರಿ, ಹೊದಿಕೆಯ ಗೀರು ಕಾರ್ಡಿನ ಗೀರಿನಂತೆ ಕಂಡು ಮೋಸ ಮಾಡುತ್ತದೆ. ತೊಳೆದು ಒಣಗಿದ ಕೈಯಲ್ಲಿ ಅಂಚು ಹಿಡಿದು, ದೀಪಕ್ಕೆ ಓರೆಯಾಗಿ ನಿಧಾನ ತಿರುಗಿಸಿ. ಬೆಳಕು ಚಿತ್ರದ ಚೌಕದ ಮೇಲೆ ಜಾರುವಾಗ ಗೀರುಗಳು ಒಂದು ಕ್ಷಣ ಮಿನುಗಿ ಮಾಯವಾಗುತ್ತವೆ. ಒಂದು ಸುತ್ತು ಪೂರ್ತಿ ತಿರುಗಿಸಲೇಬೇಕು, ಬೆಳಕು ಬರುವ ದಿಕ್ಕಿನಲ್ಲೇ ಸಾಗಿದ ಗೀರು ಕಾಣುವುದಿಲ್ಲ.

ಕಾಣುವ ಗೆರೆಗಳಲ್ಲಿ ಎರಡು ಜಾತಿ. ಹೊಳಪಿನ ಹಾಳೆಯ ಈ ತುದಿಯಿಂದ ಆ ತುದಿಗೆ ನೂಲು ಹಿಡಿದಂತೆ ನೇರವಾಗಿ ಹೋಗಿದ್ದರೆ ಅದು ಮುದ್ರಣದ ಗೆರೆ, ಹುಟ್ಟಿನಿಂದ ಬಂದದ್ದು. ಚಿಕ್ಕದಾಗಿ, ಅಡ್ಡಾದಿಡ್ಡಿಯಾಗಿದ್ದರೆ ಕೈಯಲ್ಲಿ ಆದ ಗೀರು. ಮುದ್ರಣದ ಗೆರೆಗೆ ನೀವು ಹೊಣೆಯಲ್ಲವಾದರೂ ಅಂಕ ಮಾತ್ರ ಕಳೆಯುತ್ತದೆ. ಕಣ್ಣಿಗೆ ಬಿದ್ದರೆ 10 ಕಷ್ಟ.

ಗೀರಿಗಿಂತ ಅಪಾಯಕಾರಿ ತಗ್ಗು. ಉಗುರು ಒತ್ತಿದ್ದು, ಆಲ್ಬಮ್ಮಿನ ಲೋಹದ ಉಂಗುರ ಅದುಮಿದ್ದು. ಅದರ ಮೇಲೆ ಬಣ್ಣ ಹೋಗಿರುವುದಿಲ್ಲ, ಆದ್ದರಿಂದ ಸ್ಕ್ಯಾನಿನಲ್ಲೂ ಸಿಗುವುದಿಲ್ಲ. ದೀಪವನ್ನು ಮೇಜಿನ ಮಟ್ಟಕ್ಕೆ ಇಳಿಸಿದಾಗ ಅದರ ಪುಟ್ಟ ನೆರಳು ಮಾತ್ರ ಬೀಳುತ್ತದೆ. ಎಲ್ಲ ಚೆನ್ನಾಗಿದ್ದ ಕಾರ್ಡು 6 ಹೊತ್ತು ವಾಪಸು ಬಂದು ಮಾಲೀಕರು ತಲೆ ಕೆರೆದುಕೊಳ್ಳುವ ಪ್ರಸಂಗಗಳಲ್ಲಿ ಬಹುಪಾಲು ಇಂಥ ತಗ್ಗಿನದೇ ಕೈವಾಡ. ಮಡಿಕೆ ಬಿದ್ದಿದ್ದರಂತೂ ಮಾತೇ ಇಲ್ಲ. ಪಿಎಸ್ಎ ತನ್ನ ವಿವರಣೆಯಲ್ಲಿ ನಸು ಮಡಿಕೆಗೆ ಜಾಗ ಕೊಡುವುದೇ 4ನೇ ದರ್ಜೆಯಲ್ಲಿ.

ನಮ್ಮ ಊರುಗಳ ಹವೆಯೂ ಇಲ್ಲಿ ತನ್ನ ಪಾಲು ಕೇಳುತ್ತದೆ. ಹೊಳಪಿನ ಹಾಳೆ ತೇವ ಹೀರುವುದಿಲ್ಲ, ಅದರ ಬೆನ್ನಿಗಿರುವ ಕಾಗದ ಹೀರಿ ಹಿಗ್ಗುತ್ತದೆ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಬಿಡಿಯಾಗಿ ಇಟ್ಟ ಹೊಳಪಿನ ಕಾರ್ಡು ಬಿಲ್ಲಿನಂತೆ ಬಾಗುವುದು ಇದರಿಂದಲೇ. ತೇವ ಹೆಚ್ಚಿರುವ ಕಪಾಟಿನಲ್ಲಿ ಬೆಳ್ಳಿಮೀನು ಹುಳು ಕಾಗದದ ಮೈಯನ್ನೇ ತಿನ್ನುತ್ತದೆ. ಮುಚ್ಚಳ ಬಿಗಿಯುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟರೆ ಎರಡೂ ತಪ್ಪುತ್ತವೆ. ಬಾಗಿದ್ದನ್ನು ನೆಟ್ಟಗೆ ಮಾಡಲು ದಪ್ಪ ಪುಸ್ತಕದ ಕೆಳಗೆ ಇಡುವವರಿದ್ದಾರೆ. ಪುಟದ ನಡುವೆ ಒಂದು ಮರಳಿನ ಕಣ ಇದ್ದರೂ ಅದು ತಗ್ಗಾಗಿ ಅಚ್ಚೊತ್ತುತ್ತದೆ. ಬಟ್ಟೆ ತೆಗೆದುಕೊಂಡು ಹೊಳಪು ಬರಿಸಲು ಉಜ್ಜುವ ಸಾಹಸವನ್ನು ಯಾರೂ ಮಾಡಬಾರದು, ಪ್ರತಿ ಉಜ್ಜಿಗೂ ಹತ್ತಾರು ಹೊಸ ಗೀರುಗಳು ಬೀಳುತ್ತವೆ.

ಬೆಲೆ ಏರುವುದು ಹೇಗೆ

ಅಂಕ ಒಂದೊಂದೇ ಮೆಟ್ಟಿಲು ಏರುತ್ತದೆ, ಬೆಲೆ ಹಾಗೆ ಏರುವುದಿಲ್ಲ. 5ರಿಂದ 6ಕ್ಕೆ, 6ರಿಂದ 7ಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚುತ್ತ ಹೋಗಿ, 8ರಿಂದ 9ಕ್ಕೆ ದೊಡ್ಡ ಹೆಜ್ಜೆ ಇಟ್ಟು, 9ರಿಂದ 10ಕ್ಕೆ ಹಾರುತ್ತದೆ. ಕಾರಣ ಸರಳ. 1999ರ ಮಕ್ಕಳು ಕಾರ್ಡು ಕೊಂಡದ್ದು ಆಡುವುದಕ್ಕೆ. ಹಾಗಾಗಿ ಸವೆದ ಪ್ರತಿಗಳು ಬೇಕಾದಷ್ಟಿವೆ, 10 ಬೆರಳೆಣಿಕೆಯಷ್ಟು. ದುಡ್ಡಿರುವ ಸಂಗ್ರಾಹಕರೆಲ್ಲ ಆ ಬೆರಳೆಣಿಕೆಯ ಹಿಂದೆ ಬೀಳುತ್ತಾರೆ. ಈಗಿನ ಕಾರ್ಡುಗಳ ಲೆಕ್ಕ ಬೇರೆ. ಪೊಟ್ಟಣ ಒಡೆದ ಕೂಡಲೇ ಹೊದಿಕೆ ಹಾಕಿ ಕಳಿಸುವವರೇ ಹೆಚ್ಚಾದ್ದರಿಂದ 10 ರಾಶಿ ಬೀಳುತ್ತದೆ. ಅಲ್ಲಿ 9 ಬಂದರೆ ರಾ ಕಾರ್ಡಿಗಿಂತ ಹೆಚ್ಚೇನೂ ಸಿಗದೆ, ಕಳಿಸಿದ ಖರ್ಚು ಮೈಮೇಲೆ ಬರುವುದು ಮಾಮೂಲು. ಯಾವ ಕಾರ್ಡಿಗೆ ಯಾವ ದರ್ಜೆ ಎಷ್ಟು ಕೊಟ್ಟಿದ್ದೇವೆ ಎಂಬ ಪಟ್ಟಿಯನ್ನು ಸಂಸ್ಥೆಗಳು ತಮ್ಮ ಜಾಲತಾಣದಲ್ಲೇ ಇಟ್ಟಿರುತ್ತವೆ. ಕಳಿಸುವ ಮೊದಲು ಅದನ್ನೊಮ್ಮೆ ನೋಡಬೇಕು.

ಈಗ ನಮ್ಮ ಚಾರಿಜಾರ್ಡಿಗೆ ಬರೋಣ. ಸೆಂಟರಿಂಗ್ 57/43. ಹಿಂಬದಿಯ ಒಂದು ಮೂಲೆಯಲ್ಲಿ ಬಿಳಿ ಚುಕ್ಕೆ. ಅಂಚು ಶುಚಿ. ಹೊಳಪಿನ ಮೇಲೆ ಓರೆ ಬೆಳಕಿಗೆ ಮಾತ್ರ ಕಾಣುವ ಎರಡು ಚಿಕ್ಕ ಗೀರು. ಇದು ಅದೃಷ್ಟವಿದ್ದರೆ 9, ಬಹುಶಃ 8, ಕೆಟ್ಟರೆ 7. ಲೆಕ್ಕ ತಿಳಿಯಲೆಂದು ಕೆಲವು ಬೆಲೆ ಊಹಿಸಿಕೊಳ್ಳೋಣ. ಇವು ಮಾರುಕಟ್ಟೆಯ ದರಗಳಲ್ಲ. ರಾ ಕಾರ್ಡಿಗೆ 25,000 ರೂಪಾಯಿ, 7ಕ್ಕೆ 30,000, 8ಕ್ಕೆ 45,000, 9ಕ್ಕೆ 1,20,000, 10ಕ್ಕೆ 8,00,000. ಶುಲ್ಕ, ವಿಮೆ, ಹೋಗಿಬರುವ ಅಂಚೆ ಸೇರಿ ಖರ್ಚು 10,000.

ಹೆಚ್ಚಿನವರು ಇಲ್ಲಿ 8,00,000ವನ್ನೇ ನೋಡುತ್ತಾರೆ. ಸ್ಕ್ಯಾನಿನಲ್ಲಿ ಅಳೆದ ನಮಗೆ ಅದು ಲೆಕ್ಕದಲ್ಲೇ ಇಲ್ಲ. 9 ಬರುವ ಸಾಧ್ಯತೆ ನೂರಕ್ಕೆ 20, 8 ನೂರಕ್ಕೆ 50, 7 ನೂರಕ್ಕೆ 30 ಎಂದಿಟ್ಟುಕೊಂಡರೆ, 24,000 ಮತ್ತು 22,500 ಮತ್ತು 9,000 ಕೂಡಿ ಸರಾಸರಿ 55,500 ಆಗುತ್ತದೆ. ಖರ್ಚು ಕಳೆದರೆ 45,500. ರಾ ಕಾರ್ಡಿನ 25,000ಕ್ಕಿಂತ ಮೇಲೆ, ಆದ್ದರಿಂದ ಕಳಿಸಬಹುದು. ಆದರೆ 7 ಬಂದರೆ ಕೈಗೆ ಸಿಗುವುದು 20,000, ಅಂದರೆ 5,000 ನಷ್ಟ. ಮೂರರಲ್ಲಿ ಸುಮಾರು ಒಂದು ಸಲ ಹೀಗಾಗುತ್ತದೆ ಎಂಬುದೂ ಅದೇ ಲೆಕ್ಕದಲ್ಲಿದೆ. ದೀಪದ ಪರೀಕ್ಷೆಯಲ್ಲಿ ಒಂದು ತಗ್ಗು ಸಿಕ್ಕಿದ್ದರೆ 9 ಮತ್ತು 8 ಎರಡೂ ಬಿದ್ದುಹೋಗಿ, ರಾ ಆಗಿ ಮಾರುವುದೇ ಜಾಣತನವಾಗುತ್ತಿತ್ತು. ಭಾರತದಿಂದ ಕಳಿಸುವವರು ಇನ್ನೊಂದನ್ನು ಸೇರಿಸಬೇಕು. ಕಾರ್ಡು ಮರಳಿ ಬರುವಾಗ ಕಸ್ಟಮ್ಸ್‌ನವರು ಅದನ್ನು ಆಮದು ಎಂದು ತಿಳಿದು ಸುಂಕ ಹಾಕದಿರಲು, ಹೋಗುವಾಗಲೇ ಕಾಗದಪತ್ರ ಸರಿಯಾಗಿ ಮಾಡಿಸಿರಬೇಕು.

ದರ್ಜೆ ಬದಲಾಗದೆಯೂ ಬೆಲೆ ಬೀಳಬಹುದು ಎಂಬುದಕ್ಕೆ ಮೈಕೆಲ್ ಜೋರ್ಡನ್‌ನ 1986ರ ಫ್ಲೀರ್ ಕಾರ್ಡು ಸಾಕ್ಷಿ. 2021ರ ಆರಂಭದಲ್ಲಿ ಗೋಲ್ಡಿನ್ ಹರಾಜಿನಲ್ಲಿ ಪಿಎಸ್ಎ 10 ಪಡೆದ ಎರಡು ಪ್ರತಿಗಳು ತಲಾ 7,38,000 ಡಾಲರಿಗೆ ಹೋದವು. ಅದೇ ವರ್ಷ, ಅದೇ ದರ್ಜೆಯ ಪ್ರತಿಗಳು ಅದರ ಅರ್ಧಕ್ಕೂ ಕೆಳಗಿಳಿದವು. ಕೊರೋನಾ ದಿನಗಳಲ್ಲಿ ಏರಿದ್ದ ಜ್ವರ ಅದು. ಹಾಗಾಗಿ ಬೆಲೆ ನೋಡುವಾಗ ಮಾರುವವರು ಕೇಳುತ್ತಿರುವ ಮೊತ್ತವನ್ನು ಬಿಟ್ಟು, ಇತ್ತೀಚಿನ ವಾರಗಳಲ್ಲಿ ನಿಜಕ್ಕೂ ಮಾರಾಟವಾದ ಮೊತ್ತವನ್ನು ಹುಡುಕಿ.

ಕೊಳ್ಳುವವರಿಗೆ ಕೊನೆಯದಾಗಿ ಒಂದೆರಡು ಮಾತು. ಅನುಭವಿ ವ್ಯಾಪಾರಿಯೊಬ್ಬ 'ಖಂಡಿತ 10 ಬರುತ್ತದೆ' ಎಂದು ರಾ ಕಾರ್ಡು ಮಾರುತ್ತಿದ್ದರೆ, ಅದನ್ನು ಅವನೇ ಏಕೆ ಕಳಿಸಲಿಲ್ಲ ಎಂದು ಕೇಳಿಕೊಳ್ಳಿ. ಸಾಮಾನ್ಯವಾಗಿ ಅವನು ಮಸೂರದಲ್ಲಿ ಏನೋ ಕಂಡಿರುತ್ತಾನೆ. ಸ್ಲ್ಯಾಬ್ ಕೊಳ್ಳುವುದಾದರೆ ಚೀಟಿಯ ಮೇಲಿನ ಪ್ರಮಾಣಪತ್ರ ಸಂಖ್ಯೆಯನ್ನು ಸಂಸ್ಥೆಯ ಜಾಲತಾಣದಲ್ಲಿ ಹಾಕಿ ನೋಡಿ, ಏಕೆಂದರೆ ಕಾರ್ಡಷ್ಟೇ ಅಲ್ಲ, ಪೆಟ್ಟಿಗೆಯೂ ನಕಲಿಯಾಗುತ್ತದೆ. ಪಿಎಸ್ಎ ಚೀಟಿಯಲ್ಲಿ 9ರ ಪಕ್ಕ ಓಸಿ ಎಂಬ ಎರಡು ಅಕ್ಷರ ಇದ್ದರೆ ಸೆಂಟರಿಂಗ್ ಕೆಟ್ಟಿದೆ ಎಂದರ್ಥ, ಅಂಥದ್ದಕ್ಕೆ ಎರಡು ಮೆಟ್ಟಿಲು ಕೆಳಗಿನ ಬೆಲೆ ಕೊಟ್ಟರೆ ಸಾಕು. ರಾ ಕಾರ್ಡಾದರೆ ಹಿಂಬದಿಯ ನಾಲ್ಕು ಮೂಲೆಗಳ ಹತ್ತಿರದ ಫೋಟೋ ಮತ್ತು ಓರೆ ಬೆಳಕಿನಲ್ಲಿ ತಿರುಗಿಸಿದ ಒಂದು ಸಣ್ಣ ವಿಡಿಯೋ ಕೇಳಿ. ಕಳಿಸದಿದ್ದರೆ ಕೊಳ್ಳಬೇಡಿ.